ಮೂರು ತಿಂಗಳು ಬಡ್ಡಿ ಕೊಟ್ಟಿದ್ದಾರೆ, ಹಾಗಾದರೆ ಅದು ಮೋಸ ಹೇಗಾಗುತ್ತೆ?

ಪ್ರಶ್ನೆ: ಸರ್, ಆಲೂರು ಕಡೆಯವನು ನಾನು. ಒಂದು ಟೆಲಿಗ್ರಾಂ ಗ್ರೂಪಿನಲ್ಲಿ ತಿಂಗಳಿಗೆ ನೂರಕ್ಕೆ ಹತ್ತು ಗ್ಯಾರಂಟಿ ಅಂದರು. 2 ಲಕ್ಷ ಹಾಕಿದೆ. ಮೂರು ತಿಂಗಳು ಸರಿಯಾಗಿ ಕೊಟ್ಟರು. ಶುಂಠಿ ಮಾರಿದ 5 ಲಕ್ಷವನ್ನೂ ಹಾಕಿದ ಮೇಲೆ ನಿಲ್ಲಿಸಿಬಿಟ್ಟರು. ಇದು ಮೋಸವಾ, ಬರೀ ನಷ್ಟವಾ? ದೂರು ಎಲ್ಲಿ ಕೊಡೋದು?

ಉತ್ತರ: ಈ ಪ್ರಶ್ನೆಗೆ ಎಷ್ಟನೆಯ ಸಲ ಉತ್ತರ ಬರೆಯುತ್ತಿದ್ದೇನೋ ಲೆಕ್ಕ ತಪ್ಪಿದೆ. ಒಮ್ಮೆ ಅರಸೀಕೆರೆಯಿಂದ ಬರುತ್ತದೆ, ಒಮ್ಮೆ ಬೇಲೂರಿನಿಂದ. ‘ಮೂರು ತಿಂಗಳು ಕೊಟ್ಟರಲ್ಲ ಸಾರ್’ ಅನ್ನೋ ಮಾತು ಮಾತ್ರ ಎಲ್ಲದರಲ್ಲೂ ಇರುತ್ತದೆ.

ಆ ಮಾತನ್ನೇ ಮೊದಲು ನೋಡೋಣ. ನೀವು ಕೊಟ್ಟಿದ್ದು 2 ಲಕ್ಷ. ತಿಂಗಳಿಗೆ 20 ಸಾವಿರದಂತೆ ವಾಪಸ್ ಬಂದಿದ್ದು 60 ಸಾವಿರ. ನಿಮ್ಮದೇ ದುಡ್ಡಿನಿಂದ ತೆಗೆದುಕೊಟ್ಟರೂ ಅವರ ಕೈಯಲ್ಲಿ ಇನ್ನೂ 1 ಲಕ್ಷ 40 ಸಾವಿರ ಉಳಿದಿತ್ತು. ಒಂದು ರೂಪಾಯಿ ವ್ಯಾಪಾರ ಮಾಡದೆ ಹತ್ತು ತಿಂಗಳು ಹೀಗೇ ‘ಲಾಭ’ ಹಂಚಬಹುದು. ಆದರೆ ಅಷ್ಟು ದಿನ ಕಾಯುವ ಅಗತ್ಯವೇ ಬರಲಿಲ್ಲ, ನೀವು 5 ಲಕ್ಷ ತಂದು ಹಾಕಿದಿರಿ. ಆ 60 ಸಾವಿರ ಬಡ್ಡಿಯಲ್ಲ, ಗಾಳಕ್ಕೆ ಸಿಕ್ಕಿಸಿದ ಎರೆಹುಳ.

ಅನುಮಾನ ಇದ್ದರೆ ಬ್ಯಾಂಕ್ ಸ್ಟೇಟ್‌ಮೆಂಟ್ ತೆಗೆಸಿ. ಹೀಗೇ ಸಿಕ್ಕಿಹಾಕಿಕೊಂಡ ಒಬ್ಬರ ಸ್ಟೇಟ್‌ಮೆಂಟ್ ನೋಡಿದ್ದೆ. ಮೂರು ತಿಂಗಳ ಬಡ್ಡಿ ಮೂರು ಬೇರೆ ಬೇರೆ ಹೆಸರಿನ ಖಾತೆಗಳಿಂದ ಬಂದಿತ್ತು. ಅದರಲ್ಲಿ ಒಂದು ಯಾವುದೋ ಫರ್ನಿಚರ್ ಅಂಗಡಿಯದು! ಕಂಪನಿಯ ಹೆಸರು ಎಲ್ಲೂ ಇಲ್ಲ.

ಈಗ ಕಾನೂನು. ಕೊಟ್ಟ ಮಾತು ತಪ್ಪಿದ ಮಾತ್ರಕ್ಕೆ ವಂಚನೆ ಆಗುವುದಿಲ್ಲ, ಅದು ನಿಜ. ಗೆಳೆಯನ ಹೋಟೆಲ್‌ಗೆ ದುಡ್ಡು ಹಾಕಿ, ಹೋಟೆಲ್ ನಿಜವಾಗಿ ನಡೆದು ಮುಚ್ಚಿಹೋದರೆ ಅದು ಸಿವಿಲ್ ಕೋರ್ಟಿನ ದಾವೆ. ದುಡ್ಡು ಪಡೆಯುವಾಗಲೇ ಮೋಸದ ಉದ್ದೇಶ ಇದ್ದರೆ ವಂಚನೆ. ಹಿಂದೆ 420 ಅನ್ನುತ್ತಿದ್ದೆವಲ್ಲ, 2024ರ ಜುಲೈಯಿಂದ ಅದು ಭಾರತೀಯ ನ್ಯಾಯ ಸಂಹಿತೆಯ 318(4). ಸುಳ್ಳು ಹೆಸರು, ಶೇರುಪೇಟೆ ನಿಯಂತ್ರಿಸುವ ಸೆಬಿಯದು ಅಂತ ತೋರಿಸಿದ ನಕಲಿ ನೋಂದಣಿ ನಂಬರ್, ಇಲ್ಲದ ವ್ಯಾಪಾರ, ಒಬ್ಬರ ದುಡ್ಡನ್ನು ಇನ್ನೊಬ್ಬರಿಗೆ ಲಾಭ ಅಂತ ಕೊಟ್ಟಿದ್ದು, ಇವೆಲ್ಲ ಆ ಉದ್ದೇಶಕ್ಕೆ ಸಾಕ್ಷಿ. ಅಂದರೆ ಕೊಟ್ಟ ಬಡ್ಡಿ ಅವರನ್ನು ಬಚಾವ್ ಮಾಡುವುದಿಲ್ಲ, ಹಿಡಿದುಕೊಡುತ್ತದೆ.

ಇಲ್ಲಿ ಜಾಸ್ತಿ ಜನಕ್ಕೆ ಗೊತ್ತಿಲ್ಲದ ಇನ್ನೊಂದು ಕಾಯ್ದೆ ಇದೆ: 2019ರ ಅನಿಯಂತ್ರಿತ ಠೇವಣಿ ಯೋಜನೆಗಳ ನಿಷೇಧ ಕಾಯ್ದೆ. ಸಾರ್ವಜನಿಕರಿಂದ ವಾಪಸ್ ಕೊಡುತ್ತೇವೆ ಅಂತ ದುಡ್ಡು ಪಡೆಯುವ ಇಂಥ ಅನುಮತಿಯಿಲ್ಲದ ಸ್ಕೀಮ್ ನಡೆಸುವುದೇ ಅದರಲ್ಲಿ ಅಪರಾಧ. ಲಾಭ ಅನ್ನಲಿ, ಬೋನಸ್ ಅನ್ನಲಿ, ಹೆಸರು ಮುಖ್ಯವಲ್ಲ. ಬಡ್ಡಿ ನಿಲ್ಲುವವರೆಗೆ ಕಾಯಬೇಕಾಗಿಯೂ ಇಲ್ಲ. ಬಡ್ಡಿ ಸರಿಯಾಗಿ ಬರುತ್ತಿದ್ದ ಮೊದಲ ತಿಂಗಳಲ್ಲೂ ಅದು ಅಪರಾಧವೇ ಆಗಿತ್ತು. ಬಾಮೈದನಿಗೆ ಕೊಟ್ಟ ಕೈಸಾಲ ಇದರಲ್ಲಿ ಬರುವುದಿಲ್ಲ, ಗಾಬರಿ ಬೇಡ.

ದೂರಿಗೆ ಬರೋಣ. ಆನ್‌ಲೈನ್‌ನಲ್ಲಿ ಹೋದ ದುಡ್ಡಾದರೆ ಮೊದಲು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಅಥವಾ cybercrime.gov.in ನಲ್ಲಿ ದಾಖಲಿಸಿ. ಅವರು ಕೇಳುವುದು ಪ್ರತಿ ಪಾವತಿಯ ದಿನ, ಮೊತ್ತ, ಹೋದ ಖಾತೆ ಮತ್ತು ಸ್ಟೇಟ್‌ಮೆಂಟಿನಲ್ಲಿ ಪ್ರತಿ ಪಾವತಿಯ ಗುರುತಿಗೆ ಇರುವ ಯುಟಿಆರ್ ನಂಬರ್. ದುಡ್ಡು ಖಾತೆಯಿಂದ ಖಾತೆಗೆ ಹಾರುತ್ತಿರುತ್ತದೆ, ಅಷ್ಟರೊಳಗೆ ತಡೆಹಿಡಿಯುವುದೇ ಈ ಫೋನಿನ ಉದ್ದೇಶ. ತಿಂಗಳು ಕಳೆದಿದ್ದರೆ ತಡೆಯಲು ಸಿಗುವುದು ಕಡಿಮೆ, ಆದರೂ ದಾಖಲಿಸಿ. ಆಮೇಲೆ ಜಿಲ್ಲಾ ಕೇಂದ್ರದಲ್ಲಿ ಸೈಬರ್, ಆರ್ಥಿಕ ಮತ್ತು ಮಾದಕ ವಸ್ತು ಅಪರಾಧ ನೋಡುವ ಸೆನ್ ಪೊಲೀಸ್ ಠಾಣೆಗೆ ಹೋಗಿ. ಹಾಸನದಲ್ಲೂ ಇದೆ, ಚಿಕ್ಕಮಗಳೂರಿನಲ್ಲೂ ಇದೆ. ದೂರಿನಲ್ಲಿ 2019ರ ಕಾಯ್ದೆಯ ಹೆಸರನ್ನೂ ಬರೆಯಿರಿ. ನಿಮ್ಮ ಊರಿನವನೇ ಬಾಂಡ್ ಬರೆದುಕೊಟ್ಟು ದುಡ್ಡು ಪಡೆದಿದ್ದರೆ, ಠೇವಣಿದಾರರ ಹಿತರಕ್ಷಣೆಗೆ ಅಂತ 2004ರ ಕರ್ನಾಟಕ ಕಾಯ್ದೆಯೂ ಇದೆ. ಅವನ ಆಸ್ತಿ ಜಪ್ತಿ ಮಾಡಿ, ಮಾರಿ ಹಂಚುವುದಕ್ಕೆ ಅದರಲ್ಲಿ ದಾರಿ ಇದೆ. ವರ್ಷಗಳೇ ಹಿಡಿಯಬಹುದು, ಪೂರ್ತಿ ಬರುತ್ತದೆ ಅಂತ ಹೇಳಲಾರೆ.

ಸಿಟ್ಟಿನಲ್ಲಿ ಗ್ರೂಪ್ ಬಿಟ್ಟು ಹೊರಬರಬೇಡಿ. ಅಡ್ಮಿನ್ ಮೆಸೇಜು ಅಳಿಸುವ ಮೊದಲು ಸ್ಕ್ರೀನ್‌ಶಾಟ್ ತೆಗೆದಿಡಿ. ‘ಟ್ಯಾಕ್ಸ್ ಕಟ್ಟಿದರೆ ಹಣ ಬಿಡುತ್ತೇವೆ’ ಅಂದರೆ ಒಂದು ಪೈಸೆಯೂ ಕಳಿಸಬೇಡಿ.

ನೀವು ಕೇಳದೆ ಬಿಟ್ಟ ಪ್ರಶ್ನೆಯೊಂದಿದೆ, ಅಲ್ವಾ? ಅತ್ತಿಗೆಯನ್ನೋ ಪಕ್ಕದ ತೋಟದವರನ್ನೋ ಸೇರಿಸಿ ಕಮಿಷನ್ ಪಡೆದವರು ಬಹಳ ಜನ ಇದ್ದಾರೆ. ಸುಳ್ಳು ಅಂತ ಗೊತ್ತಿದ್ದೂ ಇನ್ನೊಬ್ಬರನ್ನು ಸೇರಿಸಿದರೆ 2019ರ ಕಾಯ್ದೆಯಲ್ಲಿ ಅದಕ್ಕೂ ಜೈಲಿದೆ. ನಂಬಿ ಮೋಸಹೋಗಿ ಸೇರಿಸಿದವರ ವಿಷಯ ಬೇರೆ. ಆದರೆ ಖಾತೆಗೆ ಬಂದ ಕಮಿಷನ್ ಪೊಲೀಸರಿಗೆ ಹೇಗೂ ಕಾಣುತ್ತದೆ. ಹಾಗೇನಾದರೂ ಇದ್ದರೆ ಯಾರನ್ನು ಸೇರಿಸಿದಿರಿ, ಎಷ್ಟು ಬಂತು ಅನ್ನುವುದನ್ನು ದೂರಿನಲ್ಲಿ ನೀವೇ ಬರೆಯಿರಿ. ಠಾಣೆಗೆ ಹೋಗುವಾಗ ಅತ್ತಿಗೆಯನ್ನೂ ಅವರ ಸ್ಟೇಟ್‌ಮೆಂಟ್ ಸಮೇತ ಕರೆದುಕೊಂಡು ಹೋಗಿ.