ಐದು ತ್ರಿಭುಜಕ್ಕೆ 900 ಆಗಬೇಕಲ್ಲ, ಪುಸ್ತಕದಲ್ಲಿ 540 ಯಾಕಿದೆ?

ಓದುಗರ ಪ್ರಶ್ನೆ: ಮಗಳಿಗೆ ಲೆಕ್ಕ ಹೇಳಿಕೊಡುತ್ತಿದ್ದೆ. ಐದು ಬಾಹುಗಳ ಆಕೃತಿ ಬರೆದು, ನಡುವೆ ಒಂದು ಚುಕ್ಕಿ ಇಟ್ಟು ಐದೂ ಮೂಲೆಗೆ ಗೆರೆ ಎಳೆದೆವು. ಐದು ತ್ರಿಭುಜ ಬಂತು. ಒಂದಕ್ಕೆ 180 ಡಿಗ್ರಿ ಅಂದರೆ ಒಟ್ಟು 900. ಪುಸ್ತಕದಲ್ಲಿ 540 ಅಂತಿದೆ. ಬಾಹುಗಳ ಸಂಖ್ಯೆಯಲ್ಲಿ ಎರಡು ಕಳೆದು 180ರಿಂದ ಗುಣಿಸಿ ಅನ್ನುತ್ತಾರೆ. ಆ ಎರಡು ಎಲ್ಲಿಂದ ಬಂತು?

ಉತ್ತರ: ನಿಮ್ಮ 900 ಸರಿಯಾಗಿಯೇ ಇದೆ, ಐದು ತ್ರಿಭುಜಗಳ ಕೋನಗಳೆಲ್ಲ ಸೇರಿದರೆ ಅಷ್ಟೇ ಆಗುತ್ತದೆ. ಆದರೆ ನಮಗೆ ಬೇಕಿರುವುದು ಆಕೃತಿಯ ಮೂಲೆಗಳ ಕೋನ ಮಾತ್ರ. ನೀವು ಇಟ್ಟ ಚುಕ್ಕಿಯನ್ನು ಒಮ್ಮೆ ನೋಡಿ. ಅದರ ಸುತ್ತ ಐದು ಕೋನಗಳು ಕೂತಿವೆ, ಪ್ರತಿ ತ್ರಿಭುಜದಿಂದ ಒಂದೊಂದು. ಅವು ಯಾವ ಮೂಲೆಗೂ ಸೇರಿದವಲ್ಲ, ನೀವು ಚುಕ್ಕಿ ಇಟ್ಟಿದ್ದರಿಂದ ಹುಟ್ಟಿಕೊಂಡವು. ಐದೂ ಸೇರಿ ಒಂದು ಪೂರ್ತಿ ಸುತ್ತು, ಅಂದರೆ 360. ಅದನ್ನು ಕಳೆಯಿರಿ, 900 - 360 = 540. 360 ಅಂದರೆ ಎರಡು 180 ಅಲ್ವಾ? ಸೂತ್ರದಲ್ಲಿರುವ ಆ ಎರಡು ಇದೇ.

ಈಗ ಚುಕ್ಕಿಯೇ ಇಲ್ಲದೆ ಮಾಡೋಣ. ಐದು ಮೂಲೆಗಳಿಗೆ ಅ, ಬ, ಕ, ಡ, ಇ ಅಂತ ಹೆಸರಿಡಿ. ಅ ಮೂಲೆಯಲ್ಲಿ ನಿಂತು ಕ ಮತ್ತು ಡ ಮೂಲೆಗಳಿಗೆ ಕರ್ಣ ಎಳೆಯಿರಿ. ಬ ಮತ್ತು ಇ ಪಕ್ಕದ ಮನೆಯವು, ಅಲ್ಲಿಗೆ ಆಗಲೇ ಬಾಹು ಇದೆ. ಸಿಕ್ಕ ತ್ರಿಭುಜಗಳು ಮೂರು: ಅಬಕ, ಅಕಡ, ಅಡಇ. ಬಕ, ಕಡ, ಡಇ ಬಾಹುಗಳು ಒಂದೊಂದು ತ್ರಿಭುಜಕ್ಕೆ ಪಾದವಾದವು. ಅಬ ಮತ್ತು ಇಅ ಬಾಹುಗಳಿಗೆ ಆ ಭಾಗ್ಯ ಇಲ್ಲ, ಏಕೆಂದರೆ ಅವು ಅ ಮೂಲೆಯಿಂದಲೇ ಹೊರಟಿವೆ. ಯಾವ ಆಕೃತಿ ತೆಗೆದುಕೊಂಡರೂ ಒಂದು ಮೂಲೆಯಿಂದ ಹೊರಡುವ ಬಾಹುಗಳು ಎರಡೇ, ಹಾಗಾಗಿ ತ್ರಿಭುಜಗಳು ಬಾಹುಗಳಿಗಿಂತ ಎರಡು ಕಡಿಮೆ. ಇಲ್ಲಿ ಹೊಸ ಚುಕ್ಕಿ ಹುಟ್ಟಿಲ್ಲ, ಕಳೆಯುವುದಕ್ಕೂ ಏನಿಲ್ಲ. 3 × 180 = 540.

ಮಕ್ಕಳು ಜಾಸ್ತಿ ಎಡವುವುದು ಚತುರ್ಭುಜದಲ್ಲಿ. ಎರಡೂ ಕರ್ಣ ಎಳೆದುಬಿಡುತ್ತಾರೆ, ನಾಲ್ಕು ತ್ರಿಭುಜ ಎಣಿಸಿ 720 ಅಂತ ಬರೆಯುತ್ತಾರೆ. ಕರ್ಣಗಳು ಒಂದನ್ನೊಂದು ದಾಟಿದ ಕಡೆ ಸುಮ್ನೆ ಒಂದು ಚುಕ್ಕಿ ಹುಟ್ಟಿಕೊಂಡಿದೆ, ಅದರ ಸುತ್ತಲಿನ 360 ಕಳೆದರೆ ಉಳಿಯುವುದು 360. ನಿಮ್ಮ ಚುಕ್ಕಿಯ ಕಥೆಯೇ ಇದೂ. ಗೆರೆಗಳು ಮೂಲೆಯಿಂದ ಮೂಲೆಗೆ ಹೋಗಬೇಕು, ದಾರಿಯಲ್ಲಿ ಒಂದನ್ನೊಂದು ದಾಟಬಾರದು.

ಇನ್ನೊಂದು ಕಡೆ ನಿಜವಾಗಿ ಸಿಕ್ಕಿಹಾಕಿಕೊಳ್ಳುತ್ತೇವೆ: ಒಳಕ್ಕೆ ತಗ್ಗಿದ ಆಕೃತಿ. ಚೌಕದ ಸೈಟಿನಲ್ಲಿ ಮೇಲಿನ ಬಲಗಡೆಯ ಕಾಲು ಭಾಗ ಪಕ್ಕದವರದ್ದು ಅಂದುಕೊಳ್ಳಿ. ಉಳಿದದ್ದು 'ಎಲ್' ಆಕಾರ, ಆರು ಬಾಹು, ಆರು ಮೂಲೆ. ಕೆಳಗಿನ ಬಲ ಮೂಲೆಯಲ್ಲಿ ನಿಂತು ಎಲ್ಲ ಮೂಲೆಗೂ ಗೆರೆ ಎಳೆಯಲು ಹೋದರೆ ಒಂದು ಗೆರೆ ಪಕ್ಕದವರ ಜಾಗದ ಮೇಲೆ ಹಾದುಹೋಗುತ್ತದೆ. ಆ ಗೆರೆ ಲೆಕ್ಕಕ್ಕಿಲ್ಲ. ಜಾಗ ಬದಲಿಸಿ, ತಗ್ಗಿದ ಮೂಲೆಗೇ ಬಂದು ನಿಲ್ಲಿ. ಅಲ್ಲಿಂದ ಮೂರು ಕರ್ಣಗಳೂ ಸೈಟಿನ ಒಳಗೇ ಇರುತ್ತವೆ, ನಾಲ್ಕು ತ್ರಿಭುಜ, 720.

ಇನ್ನೂ ಅಂಕುಡೊಂಕಾದ ಆಕೃತಿಯಲ್ಲಿ ಒಂದೇ ಮೂಲೆಯಿಂದ ಎಲ್ಲ ಕೆಲಸ ಮುಗಿಯದೆ ಹೋಗಬಹುದು. ಆಗ 'ಕಿವಿ' ಕತ್ತರಿಸಬೇಕು. ಒಂದು ಮೂಲೆಯ ಅಕ್ಕಪಕ್ಕದ ಎರಡು ಮೂಲೆಗಳನ್ನು ಸೇರಿಸುವ ಗೆರೆ ಪೂರ್ತಿ ಒಳಗೇ ಬಿದ್ದರೆ, ಅದು ಕತ್ತರಿಸುವ ತ್ರಿಭುಜವೇ ಕಿವಿ. ಒಂದು ಕಿವಿ ಹೋದರೆ ಒಂದು ಬಾಹು ಕಡಿಮೆ, 180 ಡಿಗ್ರಿಯೂ ಕಡಿಮೆ. ಮೂರು ಬಾಹು ಉಳಿಯುವ ತನಕ ಕತ್ತರಿಸುತ್ತಾ ಹೋಗಿ. ಕಿವಿಯೇ ಸಿಗದಿದ್ದರೆ? ಸಿಕ್ಕೇ ಸಿಗುತ್ತದೆ, ಬಾಹುಗಳು ಒಂದನ್ನೊಂದು ದಾಟದ, ಮೂರಕ್ಕಿಂತ ಜಾಸ್ತಿ ಬಾಹುಗಳಿರುವ ಯಾವ ಆಕೃತಿಗೂ ಕನಿಷ್ಠ ಎರಡು ಕಿವಿ ಇರುತ್ತವೆ ಅಂತ ಗಣಿತಜ್ಞ ಗ್ಯಾರಿ ಮೀಸ್ಟರ್ಸ್ 1975ರಲ್ಲಿ ಸಾಧಿಸಿ ತೋರಿಸಿದ್ದಾರೆ, ಕಿವಿ ಅನ್ನುವ ತಮಾಷೆಯ ಹೆಸರೂ ಅಲ್ಲಿಯದೇ.

ಮಗಳ ಕೈಗೆ ಕೋನಮಾಪಕ ಕೊಟ್ಟು ಆ 'ಎಲ್' ಸೈಟನ್ನು ಅಳೆಸಿ ನೋಡಿ. ಆರು ಮೂಲೆಗೂ 90 ಅಂತ ಓದಿ 540 ಹೇಳಿದರೆ, ತಗ್ಗಿದ ಮೂಲೆಯನ್ನು ಅವಳು ಹೊರಗಡೆಯಿಂದ ಅಳೆದಿದ್ದಾಳೆ. ಒಳಗಡೆಯ ಕೋನ ಅಲ್ಲಿ 270. ಐದು 90 ಅಂದರೆ 450, ಅದಕ್ಕೆ 270 ಸೇರಿಸಿದರೆ 720.