ಕನ್ನಡದ ಸಾಲು ಬಿಡಿ, ಇಂಗ್ಲಿಷ್ ಸಾಲು ಓದಿ

‘ಹೆಸರು ಸರಿಯಾಗೇ ಇದೆಯಲ್ಲ ಸಾರ್, ನೋಡಿ.’

ಪ್ಯಾನ್, ಪಿಎಫ್ ಕೆಲಸಕ್ಕೆ ನನ್ನ ಹತ್ತಿರ ಬರುವವರು ಹೀಗಂದು ಆಧಾರ್ ಕಾರ್ಡನ್ನು ಮುಂದಿಡುತ್ತಾರೆ. ಬೆರಳು ಇಡುವುದು ಮಾತ್ರ ಕನ್ನಡದ ಸಾಲಿನ ಮೇಲೆ. ಅಲ್ಲಿ ಹೆಸರು ಅಚ್ಚುಕಟ್ಟಾಗಿಯೇ ಇರುತ್ತದೆ. ಕೆಳಗಿರುವ ಇಂಗ್ಲಿಷ್ ಸಾಲನ್ನು ಕಾರ್ಡು ಬಂದ ದಿನದಿಂದ ಯಾರೂ ಓದಿರುವುದಿಲ್ಲ.

ಹೋಲಿಕೆ ನಡೆಯುವುದು ಆ ಇಂಗ್ಲಿಷ್ ಸಾಲಿನಲ್ಲೇ. ಪ್ಯಾನ್ ಕಾರ್ಡಿನಲ್ಲಿ ನಿಮ್ಮ ಹೆಸರು ಕನ್ನಡದಲ್ಲಿ ಇರುವುದೇ ಇಲ್ಲ, ಪಿಎಫ್ ಖಾತೆಯಲ್ಲೂ ಇಲ್ಲ. ಹಾಗಿರುವಾಗ ಆಧಾರ್‌ನ ಕನ್ನಡ ಹೆಸರನ್ನು ಯಾವುದರ ಜೊತೆ ಹೋಲಿಸಿ ನೋಡಬೇಕು? ಪಿಎಫ್‌ನವರ ಕಂಪ್ಯೂಟರ್ ‘ಈ ಆಧಾರ್ ನಂಬರಿನವರ ಹೆಸರು ಇದೇನಾ?’ ಎಂದು ಕೇಳುತ್ತದೆ. ಆಧಾರ್ ಕಡೆಯಿಂದ ಹೌದು ಅಥವಾ ಇಲ್ಲ ಅಂತ ಉತ್ತರ ಬರುತ್ತದೆ. ಎಲ್ಲಿ ತಪ್ಪಿದೆ ಎಂದು ಹೇಳುವುದಿಲ್ಲ.

ಇದನ್ನು ಎಷ್ಟು ಸಲ ಹೇಳಿದರೂ ಸಾಲದು: ಕಂಪ್ಯೂಟರ್ ಹೆಸರನ್ನು ಕೇಳಿಸಿಕೊಳ್ಳುವುದಿಲ್ಲ, ಅಕ್ಷರ ನೋಡುತ್ತದೆ. ನಮಗೆ `Lakshmi`, `Laxmi` ಎರಡೂ ಲಕ್ಷ್ಮಿಯೇ. ಕಂಪ್ಯೂಟರಿಗೆ ಅವರು ಬೇರೆ ಬೇರೆ ಹೆಂಗಸರು. `Manjunath`, `Manjunatha` ನಡುವೆ ಇರುವುದು ಒಂದೇ `a`, ಆದರೆ ಅಷ್ಟಕ್ಕೇ ತಪ್ಪುತ್ತದೆ. `Gowda`, `Gouda` ಕಥೆಯೂ ಇದೇ. ಆಧಾರ್ ಹೋಲಿಕೆಯಲ್ಲಿ ದೊಡ್ಡಕ್ಷರ, ಸಣ್ಣಕ್ಷರ ಲೆಕ್ಕಕ್ಕಿಲ್ಲ. ಹೆಸರಿನಲ್ಲಿ ಇಷ್ಟು ಪಾಲು ಪದಗಳು ಸಿಕ್ಕರೆ ಸಾಕು ಎಂದು ಕೇಳುವ ವ್ಯವಸ್ಥೆಯೂ ಅದರಲ್ಲಿದೆ. ಆದರೆ ಸಿಕ್ಕ ಪದ ಪೂರ್ತಿ ಸರಿಯಿರಬೇಕು. ಅದಕ್ಕೇ ನಡುವೆ ಜಾಗ ಬಿಡುವುದೂ ಮುಖ್ಯ. `Jayasheela` ಒಂದು ಪದ, `Jaya Sheela` ಎರಡು ಪದ. ಎಷ್ಟು ಪಾಲು ಸಾಕು ಎನ್ನುವುದು ಎಲ್ಲ ಕಡೆ ಒಂದೇ ಇರಬೇಕೆಂದಿಲ್ಲ. ಬ್ಯಾಂಕಿನಲ್ಲಿ ಪಾಸಾದ ಹೆಸರು ಪಿಎಫ್‌ನಲ್ಲಿ ನಿಂತುಬಿಡುವುದಕ್ಕೆ ಅದೂ ಒಂದು ಕಾರಣ.

ಈಗ ನನಗೆ ನಿಜವಾಗಿ ಸಿಟ್ಟು ಬರಿಸುವ ವಿಷಯಕ್ಕೆ ಬರುತ್ತೇನೆ. ಎಲ್ಲೇ ಹೆಸರು ಹೊಂದಲಿಲ್ಲ ಅಂದರೂ ನಮ್ಮ ಜನ ನೆಟ್ಟಗೆ ಆಧಾರ್ ಕೇಂದ್ರಕ್ಕೆ ಓಡುತ್ತಾರೆ. ಆಧಾರ್‌ನಲ್ಲಿ ಹೆಸರು ಬದಲಿಸಲು ಇಡೀ ಜೀವನಕ್ಕೆ ಸಿಗುವುದು 2 ಅವಕಾಶ. ಅದನ್ನು ದಾಟಿದರೆ ಆಧಾರ್ ಪ್ರಾಧಿಕಾರದ ಪ್ರಾದೇಶಿಕ ಕಚೇರಿಗೆ ವಿನಂತಿ ಹಾಕಿ, ಕಾರಣ ಹೇಳಿ, ಕಾಯುತ್ತಾ ಕೂರಬೇಕು. ಪ್ಯಾನ್, ಪಿಎಫ್, ಬ್ಯಾಂಕಿನಲ್ಲಿ ತಿದ್ದುವುದು ಇಷ್ಟು ಬಿಗಿಯಲ್ಲ. ಸುಲಭವಾಗಿ ತಿದ್ದಬಹುದಾದದ್ದನ್ನು ಹಾಗೇ ಬಿಟ್ಟು ಕಷ್ಟದ್ದಕ್ಕೇ ಕೈ ಹಾಕುತ್ತೀರಲ್ಲ!

ಗಾರ್ಮೆಂಟ್ಸ್‌ನಲ್ಲಿ ಕೆಲಸ ಮಾಡುತ್ತಿದ್ದ ಒಬ್ಬರು ಬಂದಿದ್ದರು. ಹೆಸರನ್ನು ಬದಲಿಸಿ ಹೇಳುತ್ತೇನೆ: ಈರಣ್ಣ ಹೂಗಾರ. ಬಾಯಲ್ಲಿ ಹೇಳಿದರೆ ಒಂದೇ ಹೆಸರು. ಇಂಗ್ಲಿಷಿನಲ್ಲಿ ನೋಡಿ:

```
SSLC, DL  : IRANNA HUGAR
Aadhaar   : Eeranna Hugar
PAN       : IRANNA HOOGAR
PF        : ERANNA HUGAR
```

‘ಈ’ ಬರೆಯಲು ಮೂರು ದಾರಿ, ‘ಹೂ’ ಬರೆಯಲು ಎರಡು. ಪ್ಯಾನ್ ಮತ್ತು ಆಧಾರ್ ಜೋಡಣೆ ಆಗದಿದ್ದಾಗ ಯಾರೋ ಹೇಳಿದರಂತೆ, ಆಧಾರನ್ನು ಪ್ಯಾನ್ ಥರ ಮಾಡಿಸು ಅಂತ. ಮಾಡಿಸಿದರು. ಆಧಾರ್ `Iranna Hoogar` ಆಯಿತು, ಪ್ಯಾನ್ ಜೋಡಣೆಯೂ ಆಯಿತು. ಒಂದು ಅವಕಾಶ ಖರ್ಚಾಯಿತು. ಆಮೇಲೆ ಪಿಎಫ್ ಹಣ ತೆಗೆಯಲು ಹೋದರೆ ಅಲ್ಲಿ ಹೊಂದಲಿಲ್ಲ. ಈ ಸಲ ‘ಆಧಾರನ್ನು ಪಿಎಫ್ ಥರ ಮಾಡಿಸಿ’ ಎಂಬ ಸಲಹೆ ಸಿಕ್ಕಿತ್ತು. ತುಂಬಿದ ಫಾರಂ ಹಿಡಿದುಕೊಂಡೇ ನನ್ನ ಹತ್ತಿರ ಬಂದರು. ಅದನ್ನು ಕೊಟ್ಟಿದ್ದರೆ ಎರಡನೇ ಅವಕಾಶವೂ ಹೋಗುತ್ತಿತ್ತು. ಪ್ಯಾನ್ ಜೊತೆ ಹೊಂದಿದ್ದ ಹೆಸರು ಮತ್ತೆ ಬೇರೆಯಾಗುತ್ತಿತ್ತು.

ಮೊದಲೇ ಬಂದಿದ್ದರೆ ಅಂಕಪಟ್ಟಿಯ `IRANNA HUGAR` ಅನ್ನೇ ಹಿಡಿಯಿರಿ ಎನ್ನುತ್ತಿದ್ದೆ. ಸಾಮಾನ್ಯವಾಗಿ ನನ್ನ ಸಲಹೆ ಅದೇ. ತಿದ್ದಲು ತೀರಾ ಕಷ್ಟವಾದ ದಾಖಲೆ ಯಾವುದೋ ಅದನ್ನು ಗಟ್ಟಿಯಾಗಿ ಹಿಡಿದು, ಉಳಿದದ್ದನ್ನು ಅಕ್ಷರಕ್ಕೆ ಅಕ್ಷರ ಅದರಂತೆ ಮಾಡಬೇಕು. ಓದುತ್ತಿರುವವರಿಗೆ, ಕೆಲಸ ಹುಡುಕುವವರಿಗೆ, ಪಾಸ್‌ಪೋರ್ಟ್ ಮಾಡಿಸುವವರಿಗೆ ಅದು ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ. ಅಂಕಪಟ್ಟಿಯಲ್ಲೇ ತಪ್ಪಿದ್ದರೆ ಮೊದಲು ಓದಿದ ಶಾಲೆಯ ಮುಖ್ಯ ಶಿಕ್ಷಕರ ಬಳಿ ಹೋಗಿ. ಅವರ ಮೂಲಕವೇ ಅರ್ಜಿ ಪರೀಕ್ಷಾ ಮಂಡಳಿಗೆ ಹೋಗಬೇಕು. ಅದು ಮುಗಿಯುವ ತನಕ ಆಧಾರ್ ಮುಟ್ಟಬೇಡಿ.

ಈರಣ್ಣನವರದು ಬೇರೆ ಲೆಕ್ಕ. ‘ಅಣ್ಣಾ, ಆ ಅಂಕಪಟ್ಟಿ ಇನ್ನು ಯಾವುದಕ್ಕಾದರೂ ಬೇಕಾ?’ ಎಂದು ಕೇಳಿದೆ. ‘ಏ, ನಂಗ್ಯಾಕ್ರೀ ಅದು?’ ಎಂದು ನಕ್ಕರು. ಆಧಾರ್, ಪ್ಯಾನ್ ಎರಡೂ ಆಗಲೇ ಹೊಂದಿದ್ದವು. ಹಾಗಾಗಿ ಅವೆರಡನ್ನೂ ಮುಟ್ಟದೆ ಪಿಎಫ್ ಹೆಸರನ್ನು ಮಾತ್ರ ಆಧಾರ್‌ನಂತೆ ತಿದ್ದಲು ಹೊರಟೆವು. ಪಿಎಫ್ ಸದಸ್ಯರ ಪೋರ್ಟಲ್‌ನಲ್ಲಿ ಜಾಯಿಂಟ್ ಡಿಕ್ಲರೇಷನ್ ಅಂತ ಇದೆ. ಅವರ ಯುಎಎನ್, ಅಂದರೆ ಪಿಎಫ್ ಸದಸ್ಯರ ನಂಬರು, 2017ರ ಅಕ್ಟೋಬರ್‌ಗಿಂತ ಹಳೆಯದು, ಆದ್ದರಿಂದ ಅದಕ್ಕೆ ಕಂಪನಿಯ ಒಪ್ಪಿಗೆ ಬೇಕು. ಆ ವರ್ಷದ ಅಕ್ಟೋಬರ್ 1ರ ನಂತರದ, ಆಧಾರ್ ಪರಿಶೀಲನೆ ಆದ ಯುಎಎನ್ ಆಗಿದ್ದರೆ ಹೆಸರನ್ನು ಸದಸ್ಯರೇ ತಿದ್ದಿಕೊಳ್ಳಬಹುದು. 2025ರ ಜನವರಿಯಲ್ಲಿ ಆದ ಬದಲಾವಣೆ ಇದು. ನಿಯಮ ಆಗಾಗ ಬದಲಾಗುತ್ತದೆ, ಅರ್ಜಿ ಹಾಕುವ ಮುಂಚೆ ಪೋರ್ಟಲ್‌ನಲ್ಲಿ ಇನ್ನೊಮ್ಮೆ ನೋಡಿಕೊಳ್ಳಿ. ಕಂಪನಿಯಿಂದ ಒಪ್ಪಿಗೆ ಸಿಕ್ಕಿತು, ಪಿಎಫ್ ಹೆಸರು ಸರಿಹೋಯಿತು. ಬ್ಯಾಂಕಿಗೆ ಹೊಸ ಆಧಾರ್ ಪ್ರತಿ ಕೊಟ್ಟು ಕೆವೈಸಿ ಮಾಡಿಸಿದರು. ಡಿಎಲ್ ಮಾತ್ರ ಹಳೇ ಸ್ಪೆಲ್ಲಿಂಗ್‌ನಲ್ಲೇ ಇದೆ. ನವೀಕರಣದ ಹೊತ್ತಿಗೆ ನೋಡಿಕೊಳ್ಳೋಣ ಎಂದಿದ್ದೇನೆ. ಆಧಾರ್‌ನಲ್ಲಿ ಅವರಿಗೆ ಇನ್ನೂ ಒಂದು ಅವಕಾಶ ಉಳಿದಿದೆ.

ಅವರ ಜೇಬಿನಲ್ಲಿ ಒಂದು ಅಫಿಡವಿಟ್ ಕೂಡ ಇತ್ತು. ‘ಈ ಎಲ್ಲ ಹೆಸರಿನವನೂ ನಾನೇ’ ಎಂದು ನೋಟರಿ ಮುಂದೆ ಮಾಡಿಸಿದ್ದು. ಅದು ಎದುರಿಗೆ ಕೂತು ಓದುವ ಅಧಿಕಾರಿಗೆ ಉಪಯೋಗವಾಗಬಹುದು. ಕಂಪ್ಯೂಟರ್ ಅಫಿಡವಿಟ್ ಓದುವುದಿಲ್ಲ. ಸುಮ್ನೆ ದುಡ್ಡು ಹಾಕಬೇಡಿ.

ಇನ್ನು ಇನಿಷಿಯಲ್. ಹಳೇ ಮೈಸೂರು ಕಡೆಯವರಿಗೆ ಇದೇ ದೊಡ್ಡ ತಲೆನೋವು. ಮೊದಲ ಹೆಸರು, ಕೊನೆಯ ಹೆಸರಿನ ಜಾಗದಲ್ಲಿ ಹ್ರಸ್ವರೂಪ ಹಾಕಬೇಡಿ ಎಂದು ಪ್ಯಾನ್ ಅರ್ಜಿಯ ಸೂಚನೆಯಲ್ಲೇ ಇತ್ತು. ಹಾಗಾಗಿ ಅಂಕಪಟ್ಟಿಯಲ್ಲಿ `K N` ಇದ್ದದ್ದು ಪ್ಯಾನ್‌ನಲ್ಲಿ ಊರಿನ ಹೆಸರು, ಅಪ್ಪನ ಹೆಸರು ಎಂದು ಉದ್ದವಾಗಿ ಬಿಚ್ಚಿಕೊಂಡಿರುತ್ತದೆ. ಇಂಥವರು ಯಾವ ಅರ್ಜಿಗೂ ಮುಂಚೆ ಎಲ್ಲ ದಾಖಲೆಗಳ ಇಂಗ್ಲಿಷ್ ಹೆಸರನ್ನು ಒಂದು ಹಾಳೆಯಲ್ಲಿ ಒಂದರ ಕೆಳಗೊಂದು ಬರೆದುಕೊಳ್ಳಿ, ಜಾಗ ಬಿಟ್ಟಿರುವುದನ್ನೂ ಸೇರಿಸಿ. ನೆನಪಿನಿಂದ ಬರೆಯಬೇಡಿ, ಕಾರ್ಡು ನೋಡಿ ಬರೆಯಿರಿ.

ಆಧಾರ್ ತಿದ್ದಲೇಬೇಕಾಗಿ ಬಂದರೆ, ನಿಮಗೆ ಬೇಕಾದ ಸ್ಪೆಲ್ಲಿಂಗ್ ಇರುವ, ಫೋಟೊ ಉಳ್ಳ ದಾಖಲೆಯ ಮೂಲ ಪ್ರತಿ ಒಯ್ಯಿರಿ. ಹಳೇ ಅಂಕಪಟ್ಟಿಯಲ್ಲಿ ಫೋಟೊ ಇಲ್ಲದಿದ್ದರೆ ಅದೇ ಸ್ಪೆಲ್ಲಿಂಗ್‌ನ ಡಿಎಲ್ ಅಥವಾ ವೋಟರ್ ಐಡಿ ಹುಡುಕಿ. ಆಪರೇಟರ್ ಕೊಡುವ ಚೀಟಿಯಲ್ಲಿ ಇಂಗ್ಲಿಷ್ ಹೆಸರನ್ನು ಒಂದೊಂದೇ ಅಕ್ಷರ ಓದಿ, ಆಮೇಲೆ ಸಹಿ ಹಾಕಿ. ಹಿಂದೆ ಜನ ನಿಂತು ಗೊಣಗುತ್ತಿದ್ದರೆ ಗೊಣಗಲಿ.

ಸಂಖ್ಯಾಶಾಸ್ತ್ರದವರು ಹೇಳಿದರು ಅಂತ ಹೆಸರಿಗೆ ಒಂದು `h` ಸೇರಿಸಲು ಬರುವವರೂ ಇದ್ದಾರೆ. ಆ ಅಕ್ಷರ ಮನೆಯ ನಾಮಫಲಕದ ಮೇಲೆ ಇರಲಿ ಸ್ವಾಮಿ, ಆಧಾರ್‌ಗೆ ಬೇಡ.