ನೂರರ ಗೆರೆ ದಾಟಿದರೆ ಕೊಳ್ಳಬೇಕೇ, ಮಾರಬೇಕೇ? ಸಿಸಿಐ ಸೂತ್ರದ ಹಿನ್ನೆಲೆ

ಬೆಲೆಯ ಚಾರ್ಟಿನ ಕೆಳಗೆ ಏರಿಳಿಯುವ ಸಿಸಿಐ, ಅಂದರೆ ಕಮಾಡಿಟಿ ಚಾನೆಲ್ ಇಂಡೆಕ್ಸ್ ಎಂಬ ಸೂಚಕದ ಗೆರೆ +100 ದಾಟಿದರೆ ಇಂದಿನ ಬಹುಪಾಲು ವಹಿವಾಟುದಾರರು ಹೇಳುವುದು ಒಂದೇ ಮಾತು: ‘ಓವರ್‌ಬಾಟ್ ಆಗಿದೆ, ಅಂದರೆ ಅತಿಯಾಗಿ ಕೊಂಡಾಗಿದೆ, ಇನ್ನು ಇಳಿಯುತ್ತದೆ.’ ಈ ಸೂಚಕವನ್ನು ರೂಪಿಸಿದ ಡೊನಾಲ್ಡ್ ಲ್ಯಾಂಬರ್ಟ್ ಹೇಳಿದ್ದು ಇದಕ್ಕೆ ತೀರ ಉಲ್ಟಾ. 1980ರಲ್ಲಿ ಅಮೆರಿಕದ ‘ಕಮಾಡಿಟೀಸ್’ ಪತ್ರಿಕೆಯಲ್ಲಿ ಅವರು ಇದನ್ನು ಮೊದಲ ಬಾರಿ ವಿವರಿಸಿದಾಗ +100 ದಾಟುವುದು ಕೊಳ್ಳುವ ಸೂಚನೆಯಾಗಿತ್ತು, ಮತ್ತೆ +100ರ ಕೆಳಗೆ ಬಂದರೆ ಆ ಖರೀದಿಯಿಂದ ಹೊರಬರುವ ಸೂಚನೆ. ಅದೇ ರೀತಿ −100ರ ಕೆಳಗೆ ಜಾರಿದರೆ ಶಾರ್ಟ್ ಮಾಡುವುದು, ಅಂದರೆ ಬೆಲೆ ಇಳಿಯುತ್ತದೆಂದು ಮೊದಲೇ ಮಾರಿಡುವುದು, ಮೇಲೆ ಬಂದರೆ ಅದನ್ನು ಮುಗಿಸುವುದು. ಒಂದೇ ಗೆರೆಗೆ ಎರಡು ವಿರುದ್ಧ ಅರ್ಥಗಳು ಹೇಗೆ ಅಂಟಿಕೊಂಡವು ಎಂಬುದು ತಿಳಿಯಬೇಕಾದರೆ ಸೂತ್ರವನ್ನು ಒಮ್ಮೆ ಕೈಯಾರೆ ಬಿಡಿಸಿ ನೋಡಬೇಕು.

ಲ್ಯಾಂಬರ್ಟ್ ಅವರ ಕಣ್ಣು ಇದ್ದದ್ದು ಸರಕು ಮಾರುಕಟ್ಟೆಯ ಮೇಲೆ. ಸರಕುಗಳ ಬೆಲೆ ಆವರ್ತಗಳಲ್ಲಿ ಏರಿಳಿಯುತ್ತದೆ, ಹೊಸ ಆವರ್ತ ಶುರುವಾಗುವ ಹೊತ್ತನ್ನು ಹಿಡಿಯಬೇಕು ಎಂಬುದು ಅವರ ಉದ್ದೇಶ. ಹಾಗಾಗಿ ಆವರ್ತದ ಸುಮಾರು ಮೂರನೇ ಒಂದು ಭಾಗವನ್ನು ಲೆಕ್ಕದ ಅವಧಿಯಾಗಿ ಇಟ್ಟುಕೊಳ್ಳಬೇಕು ಎನ್ನುವ ರೂಢಿ ಬಂತು. ಅರವತ್ತು ದಿನಗಳ ಆವರ್ತವಾದರೆ ಇಪ್ಪತ್ತು ದಿನ. ಇಂದು ಆವರ್ತವನ್ನು ಅಳೆಯುವ ಗೋಜಿಗೆ ಹೋಗದೆ ಇಪ್ಪತ್ತನ್ನೋ ಹದಿನಾಲ್ಕನ್ನೋ ಹಾಗೆಯೇ ಬಿಡುವವರೇ ಹೆಚ್ಚು.

ಸೂತ್ರ ಚಿಕ್ಕದು:

```
TP  = (High + Low + Close) / 3
CCI = (TP - SMA) / (0.015 * MD)
```

ದಿನದ ಗರಿಷ್ಠ, ಕನಿಷ್ಠ ಮತ್ತು ಮುಕ್ತಾಯದ ಬೆಲೆಗಳ ಸರಾಸರಿಯೇ `TP`. ಅವಧಿಯ ಎಲ್ಲ `TP`ಗಳ ಸರಾಸರಿ `SMA`. ಅವಧಿಯ ಪ್ರತಿ ದಿನದ `TP` ಆ ಸರಾಸರಿಯಿಂದ ಎಷ್ಟು ದೂರವಿದೆ ಎಂದು ಅಳೆದು, ಹೆಚ್ಚು ಕಡಿಮೆ ಎಂಬ ಚಿಹ್ನೆಯನ್ನು ಬಿಟ್ಟು, ಆ ದೂರಗಳ ಸರಾಸರಿ ತೆಗೆದರೆ ಸಿಗುವುದು `MD`, ಅಂದರೆ ಸರಾಸರಿ ವಿಚಲನೆ.

ಲೆಕ್ಕ ಹಗುರವಾಗಲೆಂದು ಐದೇ ದಿನಗಳ ಅವಧಿ ಇಟ್ಟುಕೊಳ್ಳೋಣ. ಸರಕೊಂದರ `TP` ಕ್ರಮವಾಗಿ 100, 102, 101, 103, 109 ಎಂದುಕೊಳ್ಳಿ. ಸರಾಸರಿ 103. ಅದರಿಂದ ಇರುವ ದೂರಗಳು 3, 1, 2, 0, 6. ಒಟ್ಟು 12, ಐದರಿಂದ ಭಾಗಿಸಿದರೆ 2.4. ಕೊನೆಯ ದಿನದ ಬೆಲೆ ಸರಾಸರಿಗಿಂತ 6 ಮೇಲಿದೆ. ಆ 6ನ್ನು 0.015 × 2.4ರಿಂದ, ಎಂದರೆ 0.036ರಿಂದ ಭಾಗಿಸಿದರೆ ಸಿಸಿಐ 166.67. ನೂರರ ಗೆರೆಯನ್ನು ಜೋರಾಗಿಯೇ ದಾಟಿತು.

ಮರುದಿನ ಬೆಲೆ ಇನ್ನೂ ಏರಿ 110 ಆಯಿತು. ಹಳೆಯ 100 ಲೆಕ್ಕದಿಂದ ಹೊರಬಿತ್ತು. ಈಗ ಸರಾಸರಿ 105, ದೂರಗಳು 3, 4, 2, 4, 5, ಅವುಗಳ ಸರಾಸರಿ 3.6. ಸಿಸಿಐ 92.6! ಮೂರನೇ ದಿನ ಬೆಲೆ 112 ಆದರೆ ಸಿಸಿಐ 83.3. ಬೆಲೆ ಮೂರೂ ದಿನ ಏರುತ್ತಲೇ ಇದೆ, ಸೂಚಕ ಮಾತ್ರ ಮೊದಲ ದಿನದ ನಂತರ ಇಳಿಯುತ್ತಲೇ ಇದೆ.

ನನ್ನ ಮಟ್ಟಿಗೆ ಸಿಸಿಐ ಬಗ್ಗೆ ಮೊದಲು ತಿಳಿಯಬೇಕಾದ ಸಂಗತಿ ಇದು. ಆ ಇಳಿತಕ್ಕೆ ಮಾರಾಟದ ಒತ್ತಡ ಕಾರಣವಲ್ಲ. ಸರಾಸರಿಯು ಬೆಲೆಯನ್ನು ಹಿಂಬಾಲಿಸಿ ಮೇಲೆ ಬಂತು, ಬೆಲೆಗಳು ಹರಡಿಕೊಂಡದ್ದರಿಂದ ಛೇದವೂ ದೊಡ್ಡದಾಯಿತು, ಅಷ್ಟೇ. ನೂರರ ಮೇಲಿಂದ ಗೆರೆ ಕೆಳಗೆ ಬಂದದ್ದನ್ನು ಕಂಡು ‘ಬೆಲೆ ಕುಸಿಯಲಿದೆ’ ಎಂದು ಶಾರ್ಟ್ ಮಾಡಿದವನು ಏರುತ್ತಿರುವ ಮಾರುಕಟ್ಟೆಗೆ ಎದುರು ನಿಂತಿರುತ್ತಾನೆ. ಲ್ಯಾಂಬರ್ಟ್ ನಿಯಮದಂತೆ ನಡೆದವನು ಕೊಂಡದ್ದನ್ನು ಮಾರಿ ಪಕ್ಕಕ್ಕೆ ಸರಿದಿರುತ್ತಾನೆ. ಅವನಿಗೆ ಮುಂದಿನ ಏರಿಕೆ ತಪ್ಪಿತು, ಆದರೆ ಪೆಟ್ಟು ಬೀಳಲಿಲ್ಲ. ಪಕ್ಕಕ್ಕೆ ಸರಿಯುವುದಕ್ಕೂ ಎದುರು ನಿಲ್ಲುವುದಕ್ಕೂ ಇರುವ ಈ ಅಂತರ ಕಾಲಾಂತರದಲ್ಲಿ ಅಳಿಸಿಹೋಯಿತು.

ಅಳಿಸಿಹೋಗಲು ನೆರೆಹೊರೆಯೂ ಕಾರಣ ಎಂದು ನನಗನ್ನಿಸುತ್ತದೆ. ಸಿಸಿಐಗಿಂತ ಎರಡು ವರ್ಷ ಮೊದಲು, 1978ರಲ್ಲಿ, ವೆಲ್ಸ್ ವೈಲ್ಡರ್ ಅವರ ಆರ್‌ಎಸ್‌ಐ, ಅಂದರೆ ರಿಲೇಟಿವ್ ಸ್ಟ್ರೆಂತ್ ಇಂಡೆಕ್ಸ್, ಬಂದಿತ್ತು. ಅದು ಸೊನ್ನೆಯಿಂದ ನೂರರೊಳಗೆ ಆಡುವ ಸೂಚಕ. 70ರ ಮೇಲೆ ಅತಿಖರೀದಿ, 30ರ ಕೆಳಗೆ ಅತಿಮಾರಾಟ ಎಂಬ ಓದು ಅದರೊಂದಿಗೆ ಬೇರೂರಿತು. ಚಾರ್ಟಿನಲ್ಲಿ ಎರಡೂ ಸೂಚಕಗಳು ಒಂದರ ಕೆಳಗೊಂದು ಕುಳಿತಾಗ ಒಂದರ ಓದು ಇನ್ನೊಂದಕ್ಕೂ ಹಬ್ಬಿತು. ಬೆಲೆ ಒಂದು ಪಟ್ಟಿಯೊಳಗೆ ಹಿಂದೆ ಮುಂದೆ ಓಲಾಡುವ ದಿನಗಳಲ್ಲಿ ಈ ಓದು ಫಲ ಕೊಡುತ್ತದೆ ಎಂಬುದೂ ನಿಜ. ಬೆಲೆ ಒಂದೇ ದಿಕ್ಕಿಗೆ ಹೊರಟಾಗ ಮಾತ್ರ ಅದು ಕೈಕೊಡುತ್ತದೆ. ಅದಕ್ಕೇ ಕೆಲವರು ನೂರನ್ನು ಬಿಟ್ಟು ±200ಕ್ಕೆ ಕಾಯುತ್ತಾರೆ. ಆದರೆ ಗೆರೆಯನ್ನು ದೂರ ಸರಿಸಿದ ಮಾತ್ರಕ್ಕೆ ಮಾರುಕಟ್ಟೆ ಓಲಾಡುತ್ತಿದೆಯೋ ಓಡುತ್ತಿದೆಯೋ ಎಂಬ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ. ಆ ಉತ್ತರವನ್ನು ಬೆಲೆಯ ಚಾರ್ಟಿನಲ್ಲೇ ಹುಡುಕಬೇಕು.

ಇನ್ನು 0.015. ಸಿಸಿಐ ಅಂಕಿಗಳಲ್ಲಿ ಶೇಕಡಾ 70ರಿಂದ 80ರಷ್ಟು −100 ಮತ್ತು +100ರ ನಡುವೆ ಬೀಳಲಿ ಎಂದು ಲ್ಯಾಂಬರ್ಟ್ ಈ ಸ್ಥಿರಾಂಕವನ್ನು ಇಟ್ಟರು. ನೂರನ್ನು 0.015ರಿಂದ ಗುಣಿಸಿದರೆ 1.5. ಅಂದರೆ +100 ಎಂದರೆ ಇಂದಿನ ಬೆಲೆ ಸರಾಸರಿಯಿಂದ ಒಂದೂವರೆ ಸರಾಸರಿ ವಿಚಲನೆಯಷ್ಟು ಮೇಲಿದೆ ಎಂದರ್ಥ. ಅಂಕಿಗಳು ಗಂಟೆಯಾಕಾರದ ಸಹಜ ವಿತರಣೆಯಲ್ಲಿದ್ದರೆ ಅಷ್ಟು ಅಗಲದೊಳಗೆ ಸುಮಾರು ಶೇಕಡಾ 77ರಷ್ಟು ಬೀಳುತ್ತವೆ. ಬೆಲೆಗಳು ಆ ವಿತರಣೆಯನ್ನು ಚಾಚೂ ತಪ್ಪದೆ ಪಾಲಿಸುವುದಿಲ್ಲವಾದರೂ ಅಂದಾಜು ಸರಿಹೊಂದುತ್ತದೆ.

ಇಲ್ಲೇ ಒಂದು ಸಾಮಾನ್ಯ ತಪ್ಪು ನುಸುಳುತ್ತದೆ. ಸ್ಪ್ರೆಡ್‌ಶೀಟಿನಲ್ಲಿ ಸೂತ್ರ ಬರೆಯುವವರು ಸರಾಸರಿ ವಿಚಲನೆಯ ಜಾಗದಲ್ಲಿ ಮಾನಕ ವಿಚಲನೆಯನ್ನು ಹಾಕಿಬಿಡುತ್ತಾರೆ. ಮಾನಕ ವಿಚಲನೆ ದೂರಗಳನ್ನು ವರ್ಗ ಮಾಡುವುದರಿಂದ ಒಂದು ದೊಡ್ಡ ಜಿಗಿತವೇ ಛೇದವನ್ನು ಉಬ್ಬಿಸಿ ತನ್ನನ್ನು ತಾನೇ ಮರೆಮಾಚಿಕೊಳ್ಳುತ್ತದೆ. ನಮ್ಮ ಮೊದಲ ದಿನದ 166.67 ಆಗ 126.5ಕ್ಕೆ ಇಳಿಯುತ್ತದೆ. ಇನ್ನೊಂದು ತಪ್ಪು ಇದಕ್ಕಿಂತ ನವಿರಾದದ್ದು: ಎಲ್ಲ ದಿನಗಳ ದೂರವನ್ನೂ ಇಂದಿನ ಸರಾಸರಿಯಿಂದ ಅಳೆಯುವ ಬದಲು, ಆಯಾ ದಿನಕ್ಕೆ ಆಯಾ ದಿನದ ಸರಾಸರಿಯಿಂದ ಅಳೆಯುವುದು. ಕಾಲಂನಲ್ಲಿ ಸೂತ್ರವನ್ನು ಕೆಳಕ್ಕೆ ಎಳೆದಾಗ ತಾನಾಗಿ ಆಗುವ ಎಡವಟ್ಟು ಇದು.

ಎರಡನ್ನೂ ಪತ್ತೆ ಹಚ್ಚಲು ಒಂದು ಸುಲಭದ ದಾರಿಯಿದೆ. ಸಿಸಿಐಗೆ ಮಿತಿಯೇ ಇಲ್ಲ ಎಂದು ಹಲವು ಕಡೆ ಬರೆದಿರುತ್ತದೆ. ಅದು ಪೂರ್ತಿ ನಿಜವಲ್ಲ. ಸರಾಸರಿಯ ಮೇಲಿನ ದೂರಗಳ ಮೊತ್ತವೂ ಕೆಳಗಿನ ದೂರಗಳ ಮೊತ್ತವೂ ಯಾವಾಗಲೂ ಸಮ. ಆದ್ದರಿಂದ ಕೊನೆಯ ದಿನವೊಂದರ ದೂರ ಒಟ್ಟು ದೂರದ ಅರ್ಧವನ್ನು ಮೀರಲಾರದು. ಹೀಗಾಗಿ ಇಪ್ಪತ್ತು ದಿನಗಳ ಸಿಸಿಐ 666.67ನ್ನು ದಾಟುವಂತಿಲ್ಲ. ಐದು ದಿನಗಳದ್ದಾದರೆ ಮಿತಿ 166.67. ನಮ್ಮ ಉದಾಹರಣೆಯ ಮೊದಲ ದಿನ ಸೂಚಕ ತನ್ನ ಚಾವಣಿಯನ್ನೇ ಮುಟ್ಟಿತ್ತು, ಅಲ್ಲಿಂದ ಏರಲು ಜಾಗವೇ ಇರಲಿಲ್ಲ. ಅವಧಿ ಚಿಕ್ಕದಾದಷ್ಟೂ ಚಾವಣಿ ತಗ್ಗು. ಐದು ದಿನಗಳ ಸಿಸಿಐ ಹಾಕಿಕೊಂಡು 200ಕ್ಕೆ ಕಾಯುವವನು ಎಂದೆಂದಿಗೂ ಕಾಯಬೇಕಾದೀತು.

ಸೂತ್ರವನ್ನು ಪರೀಕ್ಷಿಸಲು ನಲವತ್ತು ಸಾಲುಗಳಲ್ಲಿ ಸುಮ್ಮನೆ 100 ಎಂದು ತುಂಬಿ, ಕೊನೆಗೆ 120 ಬರೆದು, ಇಪ್ಪತ್ತು ದಿನಗಳ ಸಿಸಿಐ ತೆಗೆಯಿರಿ. 666.67 ಬಂದರೆ ಸೂತ್ರ ಸರಿ. ಬಳಸಿದ ಫಂಕ್ಷನ್ನಿಗೆ ತಕ್ಕಂತೆ ಸುಮಾರು 291 ಅಥವಾ 283 ಬಂದರೆ ಮಾನಕ ವಿಚಲನೆ ಸೇರಿಕೊಂಡಿದೆ. 1333 ಬಂದರೆ ದಿನಕ್ಕೊಂದು ಸರಾಸರಿಯ ತಪ್ಪಾಗಿದೆ. ಕೊನೆಯ 120ರ ಮೇಲಿನ ಸಾಲುಗಳಲ್ಲಿ ಭಾಗಾಕಾರದ ದೋಷ ಕಂಡರೆ ಗಾಬರಿ ಬೇಡ: ಬೆಲೆ ಅಲುಗಾಡದೆ ನಿಂತಿದ್ದರೆ ವಿಚಲನೆ ಸೊನ್ನೆ, ಸಿಸಿಐ ಲೆಕ್ಕಕ್ಕೇ ಸಿಗುವುದಿಲ್ಲ. ವಹಿವಾಟು ವಿರಳವಾದ ಕಾಂಟ್ರಾಕ್ಟುಗಳಲ್ಲಿ ಬೆಲೆ ಹೆಚ್ಚುಕಡಿಮೆ ಹೀಗೆಯೇ ನಿಂತಿದ್ದು, ಒಂದು ಪುಟ್ಟ ಸೌದಾದಿಂದ ಸ್ವಲ್ಪ ಮಿಸುಕಿದರೂ ಸೂಚಕ 500, 600ಕ್ಕೆ ಚಿಮ್ಮುತ್ತದೆ. 120ರ ಬದಲು 100.20 ಬರೆದು ನೋಡಿ. ಆಗಲೂ ಬರುವುದು ಅದೇ 666.67.